ಹದಿಮೂರೂವರೆ ಗಂಟೆಯ ದೂರದಲ್ಲಿ ಕೇಳಿಸದೆ ಹೋಗುವ ‘ಆಗುವುದಿಲ್ಲ’

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಯಾವುದಾದರೂ ದರ್ಜಿ ಅಂಗಡಿಯಲ್ಲಿ ನಿಂತು ಶುಕ್ರವಾರದೊಳಗೆ ಬಟ್ಟೆ ಸಿಗುತ್ತದೆಯೇ ಎಂದು ಕೇಳಿದರೆ, ಆಗದ ಕೆಲಸಕ್ಕೂ ‘ಆಗೋದಿಲ್ಲ’ ಎಂಬ ಉತ್ತರ ನೇರವಾಗಿ ಬರುವುದು ಅಪರೂಪ. ದರ್ಜಿ ಒಂದು ಕ್ಷಣ ಸುಮ್ಮನಾಗುತ್ತಾನೆ, ತೂಗುಹಾಕಿದ ಬಟ್ಟೆಗಳ ಕಡೆ ಕಣ್ಣು ಹಾಯಿಸುತ್ತಾನೆ, ಆಮೇಲೆ ‘ನೋಡೋಣ್ರಿ, ಲಗ್ನದ ಸೀಜನ್ ಅದ’ ಎನ್ನುತ್ತಾನೆ. ಕೇಳಿದವರು ಸಂಗತಿಯನ್ನು ಗ್ರಹಿಸಿ ‘ಹಂಗಾದ್ರ ಸೋಮವಾರ ಬರ್ಲೇನ್ರಿ?’ ಎಂದು ಮತ್ತೆ ಕೇಳುತ್ತಾರೆ, ಆಗ ಸೋಮವಾರ ಖಚಿತವಾಗುತ್ತದೆ. ಇಲ್ಲಿ ನಿರಾಕರಣೆ ಸ್ಪಷ್ಟವಾಗಿಯೇ ನಡೆದಿದೆ, ಆದರೆ ಅದನ್ನು ಒಬ್ಬರೇ ಪೂರ್ತಿಯಾಗಿ ಹೇಳಿಲ್ಲ. ದರ್ಜಿ ಅರ್ಧ ಹೇಳಿದ, ಗಿರಾಕಿ ಎರಡನೆಯ ಪ್ರಶ್ನೆಯಿಂದ ಉಳಿದರ್ಧವನ್ನು ಪೂರೈಸಿದರು.

ಕಲಬುರಗಿಯ ಮನೆಯಲ್ಲಿ ಕುಳಿತು ನೆದರ್ಲ್ಯಾಂಡ್ಸ್‌ನ ಉಟ್ರೆಕ್ಟ್ ಮತ್ತು ಅಮೆರಿಕದ ಸಿಯಾಟಲ್‌ನವರ ಜೊತೆ ಕೆಲಸ ಮಾಡುವ ಸಾಫ್ಟ್‌ವೇರ್ ತಂಡದಲ್ಲಿ ಕಾಣೆಯಾಗುವುದು ಈ ಎರಡನೆಯ ಪ್ರಶ್ನೆ. ನಮ್ಮವರು ಸುತ್ತಿ ಬಳಸಿ ಮಾತನಾಡುತ್ತಾರೆ, ಅವರು ನೇರವಾಗಿ ಮಾತನಾಡುತ್ತಾರೆ ಎಂಬ ಸಾಮಾನ್ಯ ವಿವರಣೆ ಅರ್ಧದಷ್ಟು ಮಾತ್ರ ನಿಜ ಎಂದು ನನಗೆ ತೋರುತ್ತದೆ. ಸುತ್ತಿ ಬಳಸಿ ಹೇಳಿದ್ದೂ ಎದುರೆದುರು ಕುಳಿತಾಗ ಬಹುಮಟ್ಟಿಗೆ ಸರಿಯಾಗಿಯೇ ತಲುಪುತ್ತದೆ. ಅದನ್ನು ತಲುಪಿಸುತ್ತಿದ್ದ ಸಾಧನಗಳನ್ನು ಗಡಿಯಾರ ಕಿತ್ತುಕೊಂಡಾಗ ತೊಂದರೆ ಶುರುವಾಗುತ್ತದೆ.

ಆ ಸಾಧನಗಳಲ್ಲಿ ಮುಖ್ಯವಾದದ್ದು ತಡ. ಸಂಭಾಷಣೆಯನ್ನು ಅಧ್ಯಯನ ಮಾಡುವ ಭಾಷಾವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯಲ್ಲಿ, ಪರಸ್ಪರ ದೂರದ ಹತ್ತು ಭಾಷೆಗಳ ದಿನನಿತ್ಯದ ಮಾತುಕತೆಗಳನ್ನು ಅಳೆದು ನೋಡಿದರು. ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೂ ಅದರ ಉತ್ತರಕ್ಕೂ ನಡುವೆ ಸರಾಸರಿ ಸುಮಾರು 200 ಮಿಲಿಸೆಕೆಂಡುಗಳ, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು, ಅಂತರ ಇರುತ್ತದೆ ಎಂಬುದೂ, ‘ಹೌದು’ ಬೇಗ ಬರುತ್ತದೆ, ‘ಇಲ್ಲ’ ತಡವಾಗಿ ಬರುತ್ತದೆ ಎಂಬುದೂ ಅದರಲ್ಲಿ ಕಂಡುಬಂದವು. ಹೀಗೆ ತಡೆದು ಉತ್ತರಿಸುವುದು ಕನ್ನಡಿಗರ ಅಥವಾ ಭಾರತೀಯರ ವಿಶೇಷ ಸಂಕೋಚವಲ್ಲ. ಡಚ್ಚರೂ ಅಮೆರಿಕನ್ನರೂ ಎದುರಿಗಿದ್ದಾಗ ಇದನ್ನೇ ಮಾಡುತ್ತಾರೆ, ಇನ್ನೊಬ್ಬರು ಮಾಡಿದಾಗ ಅದನ್ನು ಗುರುತಿಸುತ್ತಾರೆ. ತಡೆದ ಮೇಲೆ ಎಷ್ಟನ್ನು ಬಾಯಿಬಿಟ್ಟು ಹೇಳಬೇಕು, ಎಷ್ಟನ್ನು ಕೇಳುಗರ ಊಹೆಗೆ ಬಿಡಬಹುದು ಎಂಬಲ್ಲಿ ಮಾತ್ರ ರೂಢಿಗಳು ಬೇರೆಯಾಗುತ್ತವೆ.

ಈಗ ಗಡಿಯಾರವನ್ನು ನೋಡೋಣ. ಚಳಿಗಾಲದಲ್ಲಿ ನೆದರ್ಲ್ಯಾಂಡ್ಸ್ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ, ಸಿಯಾಟಲ್ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಕಲಬುರಗಿಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಕೆಲಸ ಮಾಡುವವರಿಗೆ ಉಟ್ರೆಕ್ಟ್‌ನವರು ಮಧ್ಯಾಹ್ನ ಒಂದೂವರೆಯಿಂದ ಸಿಗುತ್ತಾರೆ. ಸಿಯಾಟಲ್‌ನ ಕಚೇರಿ ತೆರೆಯುವುದು ನಮ್ಮ ರಾತ್ರಿ ಹತ್ತೂವರೆಗೆ, ಮುಚ್ಚುವುದು ಮರುದಿನ ಬೆಳಗಿನ ಆರೂವರೆಗೆ. ಎರಡೂ ಕಡೆ ಕಚೇರಿ ಸಮಯದಲ್ಲಿ ಒಂದು ನಿಮಿಷವೂ ಕೂಡಿ ಬರುವುದಿಲ್ಲ. ಅಲ್ಲಿಂದ ಹನ್ನೊಂದು ಗಂಟೆ ತಡವಾಗಿ ಬಂದ ಉತ್ತರಕ್ಕೆ ಹಿಂಜರಿಕೆ ಎಂಬ ಅರ್ಥ ಇರಲು ಸಾಧ್ಯವೇ ಇಲ್ಲ, ಏಕೆಂದರೆ ಸಂತೋಷದಿಂದ ಒಪ್ಪಿದ ಉತ್ತರವೂ ಅಷ್ಟೇ ತಡವಾಗಿ ಬರುತ್ತದೆ. ಎಲ್ಲ ಉತ್ತರಗಳೂ ತಡವಾಗಿಯೇ ಬರುವ ಕಡೆ ತಡವು ಸಂಕೇತವಾಗಿ ಉಳಿಯುವುದಿಲ್ಲ.

ಇದು ಕೆಲಸದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ವಾರದ ಉದಾಹರಣೆಯ ಮೂಲಕ ನೋಡಬಹುದು. ಇಂಥ ತಂಡಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಉದಾಹರಣೆಯಿದು, ಯಾವುದೇ ಒಂದು ಕಂಪನಿಯ ಕಥೆಯಲ್ಲ. ಜನವರಿಯ ಒಂದು ವಾರ ಎಂದಿಟ್ಟುಕೊಳ್ಳಿ. ಮ್ಯಾನೇಜರ್ ಸಿಯಾಟಲ್‌ನಲ್ಲಿದ್ದಾನೆ. ಕೋಡ್ ಪರಿಶೀಲಿಸುವ ಹಿರಿಯ ಇಂಜಿನಿಯರ್ ಉಟ್ರೆಕ್ಟ್‌ನವನು. ಕೋಡ್ ಬರೆಯುವವಳು ಕಲಬುರಗಿಯ ಸೇಡಂ ರಸ್ತೆಯ ಕಡೆಯ ಮನೆಯಿಂದ ಕೆಲಸ ಮಾಡುತ್ತಾಳೆ. ತಿಂಗಳ ಬಿಲ್ಲುಗಳ ದಾಖಲೆಗಳನ್ನು ಹೊರಗಿನ ಒಂದು ಸೇವೆಗೆ ಕಳುಹಿಸುವ ಪ್ರೋಗ್ರಾಂ ಅವಳ ಕೆಲಸ. ಕೋಡ್ ಹೆಚ್ಚುಕಡಿಮೆ ಸಿದ್ಧವಾಗಿದೆ, ಆದರೆ ಅದನ್ನು ಪರೀಕ್ಷಿಸಲು ಬೇಕಾದ ಟೆಸ್ಟ್ ಡೇಟಾ ಇನ್ನೊಂದು ತಂಡದಿಂದ ಬರಬೇಕಾಗಿದೆ, ಬಂದಿಲ್ಲ.

ಮ್ಯಾನೇಜರ್ ತನ್ನ ಸೋಮವಾರ ಸಂಜೆ ನಾಲ್ಕಕ್ಕೆ, ಶುಕ್ರವಾರದೊಳಗೆ ಇದು ಮುಗಿದರೆ ಬಹಳ ಚೆನ್ನಾಗಿರುತ್ತದೆ, ಸಾಧ್ಯವೇ ಎಂದು ಚಾಟ್‌ನಲ್ಲಿ ಕೇಳುತ್ತಾನೆ. ಕಲಬುರಗಿಯಲ್ಲಿ ಆಗ ಮಂಗಳವಾರ ಬೆಳಗಿನ ಐದೂವರೆ. ಅವಳು ಕೆಲಸಕ್ಕೆ ಕುಳಿತ ಮೇಲೆ ಅದನ್ನು ಓದಿ, ಡೇಟಾ ಇಲ್ಲದೆ ಶುಕ್ರವಾರ ಮುಗಿಯುವ ಮಾತೇ ಇಲ್ಲ ಎಂದು ಲೆಕ್ಕ ಹಾಕಿ, ಹನ್ನೊಂದೂವರೆಗೆ ಉತ್ತರ ಕಳುಹಿಸುತ್ತಾಳೆ: ಖಂಡಿತ, ಪ್ರಯತ್ನಿಸುತ್ತೇನೆ, ಟೆಸ್ಟ್ ಡೇಟಾದ ಒಂದು ಸಣ್ಣ ಅವಲಂಬನೆ ಇದೆ. ಅವಳ ದೃಷ್ಟಿಯಲ್ಲಿ ಇದು ಸಾಕಷ್ಟು ಸ್ಪಷ್ಟವಾದ ಎಚ್ಚರಿಕೆ. ಮೇಲಿನವರಿಗೆ ಮೊದಲ ಮಾತಿನಲ್ಲೇ ಇಲ್ಲ ಎನ್ನುವುದು ಒರಟುತನವಾಗುತ್ತದೆ, ಆದ್ದರಿಂದ ಮನಸ್ಸಿದೆ ಎಂದು ಮೊದಲು ಹೇಳಿ ಅಡ್ಡಿಯನ್ನು ಆಮೇಲೆ ಮುಂದಿಟ್ಟಿದ್ದಾಳೆ. ಅಡ್ಡಿ ಏನು ಎಂದು ಅವನು ಕೇಳಿದ ಕೂಡಲೇ ಎಲ್ಲವನ್ನೂ ಬಿಡಿಸಿ ಹೇಳಲು ಸಿದ್ಧಳಿದ್ದಾಳೆ.

ಅವನು ಅದನ್ನು ಓದುವುದು ತನ್ನ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ಇತರ ನಲವತ್ತು ಸಂದೇಶಗಳ ನಡುವೆ. ಅವನ ರೂಢಿಯಲ್ಲಿ ವಾಕ್ಯದ ಮೊದಲಿಗೆ ಬಂದದ್ದೇ ಉತ್ತರ, ಉಳಿದದ್ದು ಟಿಪ್ಪಣಿ. ಒಪ್ಪಿದ್ದಾಳೆ, ಸಣ್ಣದೊಂದು ಅಡ್ಡಿಯಿದೆ, ಅದನ್ನು ಅವಳೇ ಬಗೆಹರಿಸಿಕೊಳ್ಳುತ್ತಾಳೆ ಎಂದು ಗ್ರಹಿಸಿ ಹೆಬ್ಬೆರಳು ಎತ್ತಿದ ಚಿಹ್ನೆಯೊಂದನ್ನು ಒತ್ತಿ ಮುಂದೆ ಹೋಗುತ್ತಾನೆ. ಕಲಬುರಗಿಯಲ್ಲಿ ಆಗ ರಾತ್ರಿ ಹತ್ತೂವರೆ. ಬುಧವಾರ ಬೆಳಿಗ್ಗೆ ಆ ಚಿಹ್ನೆಯನ್ನು ಕಂಡ ಅವಳು, ಮ್ಯಾನೇಜರ್‌ಗೆ ತೊಂದರೆ ಅರ್ಥವಾಗಿದೆ, ಡೇಟಾ ಕೊಡಬೇಕಾದ ತಂಡಕ್ಕೆ ಅವನೇ ಹೇಳುತ್ತಾನೆ, ಮೇಲಿನವರು ಮೇಲಿನವರ ಹತ್ತಿರ ಮಾತಾಡುವುದೇ ಸರಿ ಎಂದು ತಿಳಿಯುತ್ತಾಳೆ. ಬುಧವಾರ ಇಬ್ಬರೂ ಸುಮ್ಮನಿರುತ್ತಾರೆ. ಎಲ್ಲ ಸರಿಯಾಗಿ ನಡೆಯುತ್ತಿರುವುದರಿಂದ ಈ ಮೌನ ಎಂದು ಅವನು ಭಾವಿಸುತ್ತಾನೆ. ಡೇಟಾ ಬರದಿರುವುದು ಎಲ್ಲರಿಗೂ ಕಾಣುತ್ತಿರುವಾಗ ತಾನು ಮತ್ತೆ ಹೇಳಿದರೆ ದೂರು ಕೊಟ್ಟಂತಾಗುತ್ತದೆ ಎಂದು ಅವಳು ಭಾವಿಸುತ್ತಾಳೆ. ಬುಧವಾರದ ಕೊನೆಗೆ ಅವನು ಗ್ರಾಹಕರಿಗೆ ಶುಕ್ರವಾರದ ಮಾತು ಕೊಟ್ಟುಬಿಡುತ್ತಾನೆ.

ಒಂದೇ ಕೋಣೆಯಲ್ಲಿದ್ದಿದ್ದರೆ ‘ಖಂಡಿತ’ ಎಂಬುದಕ್ಕೂ ಮುಂಚಿನ ಸಣ್ಣ ತಡೆಯನ್ನು ಅವನು ಕೇಳಿಸಿಕೊಂಡು ಏನು ತೊಂದರೆ ಎನ್ನುತ್ತಿದ್ದ, ಹತ್ತು ಸೆಕೆಂಡುಗಳಲ್ಲಿ ವಿಷಯ ಹೊರಬರುತ್ತಿತ್ತು. ಚಾಟ್‌ನಲ್ಲಿ ಆ ಹತ್ತು ಸೆಕೆಂಡಿನ ರಿಪೇರಿಗೆ ಒಂದು ಇಡೀ ದಿನ ತಗಲುತ್ತದೆ, ಮತ್ತು ಒಂದು ದಿನ ತಗಲುವ ಪ್ರಶ್ನೆಯನ್ನು, ಉತ್ತರ ಈಗಾಗಲೇ ಸಿಕ್ಕಿದೆ ಎಂದು ತಿಳಿದವರು ಕೇಳುವುದಿಲ್ಲ. ‘ಶುಕ್ರವಾರ’ ಎಂಬ ದಿನವೂ ಇಬ್ಬರಿಗೆ ಒಂದೇ ಆಗಿರಲಿಲ್ಲ ಎಂಬುದನ್ನು ಹಾಗೆಯೇ ಗಮನಿಸಬಹುದು: ಅವಳ ಶುಕ್ರವಾರದ ಕೆಲಸ ಮುಗಿಯುವಾಗ ಅವನಿಗೆ ಶುಕ್ರವಾರ ಬೆಳಗಿನ ಐದೂವರೆ, ಅವನ ಶುಕ್ರವಾರ ಮುಗಿಯುವಾಗ ಅವಳಿಗೆ ಶನಿವಾರ ಬೆಳಗಾಗಿರುತ್ತದೆ.

ಇದೇ ವಾರ, ಇದೇ ಕೋಡಿನ ಬಗ್ಗೆ, ಉಟ್ರೆಕ್ಟ್‌ನ ಕಡೆಯಿಂದ ಇನ್ನೊಂದು ಬಗೆಯ ತಪ್ಪು ಓದು ನಡೆಯುತ್ತಿರುತ್ತದೆ. ಪರಿಶೀಲಕ ತನ್ನ ಮಂಗಳವಾರದ ಕೊನೆಗೆ, ನಮ್ಮ ರಾತ್ರಿ ಒಂಬತ್ತೂವರೆಗೆ, ಹನ್ನೆರಡು ಟಿಪ್ಪಣಿಗಳನ್ನು ಬರೆದು ಲ್ಯಾಪ್‌ಟಾಪ್ ಮುಚ್ಚುತ್ತಾನೆ. ಇದು ಬೇಕಾಗಿಲ್ಲ, ಈ ಹೆಸರು ತಪ್ಪು, ಇಲ್ಲಿ ಏಕೆ ಲೂಪ್ ಹಾಕಿದ್ದೀಯ, ಎಲ್ಲವನ್ನೂ ಒಂದೇ ಸಲ ಕಳುಹಿಸಬಹುದಲ್ಲ? ಹೊಗಳಿಕೆಯಿಲ್ಲ, ದಯವಿಟ್ಟು ಎಂಬುದಿಲ್ಲ, ‘ನನಗೆ ಹಾಗನ್ನಿಸಿತು’ ಎಂಬ ಮೆತ್ತನೆಯ ಹೊದಿಕೆಯೂ ಇಲ್ಲ. ಡಚ್ ಕಚೇರಿಗಳ ರೂಢಿಯಲ್ಲಿ ಹೀಗೆ ಬರೆಯುವುದು ಕೋಪದ ಗುರುತಲ್ಲ. ಮಾತು ಕೋಡಿನ ಬಗ್ಗೆ, ಬರೆದವರ ಬಗ್ಗೆ ಅಲ್ಲ ಎಂಬುದನ್ನು ಇಬ್ಬರೂ ಒಪ್ಪಿದ್ದಾರೆ ಎಂಬ ನಂಬಿಕೆಯ ಮೇಲೆ ಅದು ನಿಂತಿರುತ್ತದೆ. ಆದರೆ ಆ ನಂಬಿಕೆ ಬರವಣಿಗೆಯಲ್ಲಿ ಕಾಣುವುದಿಲ್ಲ. ಬರೆಯುವವರಿಗೆ ತಮ್ಮ ಧ್ವನಿ ತಮ್ಮ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿರುವುದರಿಂದ ಓದುವವರಿಗೂ ಕೇಳಿಸುತ್ತದೆ ಎಂದು ಅವರು ಅತಿಯಾಗಿ ಭರವಸೆ ಇಡುತ್ತಾರೆ ಎಂಬುದನ್ನು ಇಮೇಲ್ ಕುರಿತು 2005ರಲ್ಲಿ ಪ್ರಕಟವಾದ ಅಮೆರಿಕದ ಮನೋವಿಜ್ಞಾನಿಗಳ ಪ್ರಯೋಗಗಳು ತೋರಿಸಿವೆ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಅವಳು ಆ ಹನ್ನೆರಡನ್ನೂ ಒಂದರ ಹಿಂದೆ ಒಂದರಂತೆ ಓದುತ್ತಾಳೆ. ಉಟ್ರೆಕ್ಟ್‌ನಲ್ಲಿ ಆಗ ಬೆಳಗಿನ ಐದೂವರೆ, ಕೇಳಿ ತಿಳಿಯಲು ಯಾರೂ ಇಲ್ಲ. ಮಧ್ಯಾಹ್ನದವರೆಗಿನ ಮೂರೂವರೆ ಗಂಟೆಗಳು ಪ್ರತಿ ವಾಕ್ಯಕ್ಕೂ ಕೆಟ್ಟ ಅರ್ಥ ಬೆಳೆಯಲು ಧಾರಾಳವಾಗಿ ಸಾಕು. ಇವುಗಳಲ್ಲಿ ಹೆಚ್ಚು ಹಾನಿ ಮಾಡಿದ್ದು ಮಾತ್ರ ‘ತಪ್ಪು’ ಎಂದ ಟಿಪ್ಪಣಿಯಲ್ಲ, ‘ಏಕೆ’ ಎಂದು ಕೇಳಿದ ಟಿಪ್ಪಣಿ. ನಮ್ಮ ಮನೆ, ಶಾಲೆ, ಕಚೇರಿಗಳಲ್ಲಿ ಹಿರಿಯರು ‘ಹಿಂಗ್ಯಾಕ್ ಮಾಡಿದಿ?’ ಎಂದರೆ ಅದು ಕಾರಣವನ್ನು ಕೇಳುವ ಪ್ರಶ್ನೆಯಾಗಿರುವುದಕ್ಕಿಂತ ಗದರಿಕೆಯಾಗಿರುವುದೇ ಹೆಚ್ಚು. ಅದಕ್ಕೆ ಕಾರಣ ಕೊಟ್ಟರೆ ಎದುರು ಮಾತನಾಡಿದಂತೆ, ಸರಿಪಡಿಸಿಕೊಳ್ಳುವುದೇ ವಿನಯ. ಅವಳು ಲೂಪನ್ನು, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡಿನ ಭಾಗವನ್ನು ತೆಗೆದುಹಾಕಿ, ಸರಿಪಡಿಸಿದ್ದೇನೆ, ಕ್ಷಮಿಸಿ ಎಂದು ಬರೆಯುತ್ತಾಳೆ.

ಪರಿಶೀಲಕ ನಿಜವಾಗಿಯೂ ಕಾರಣವನ್ನೇ ಕೇಳಿದ್ದ. ಕಾರಣವೂ ಇತ್ತು: ಆ ಹೊರಗಿನ ಸೇವೆ ಒಂದು ಸಲಕ್ಕೆ 500ಕ್ಕಿಂತ ಹೆಚ್ಚು ದಾಖಲೆಗಳನ್ನು ಸ್ವೀಕರಿಸುವುದಿಲ್ಲ, ಆದ್ದರಿಂದ ದಾಖಲೆಗಳನ್ನು ಐನೂರರ ಗುಂಪುಗಳಾಗಿ ಮಾಡಿ ಕಳುಹಿಸಲು ಅವಳು ಲೂಪ್ ಬರೆದಿದ್ದಳು. ಅದು ತಂಡದಲ್ಲಿ ಅವಳೊಬ್ಬಳಿಗೇ ಗೊತ್ತಿದ್ದ ಸಂಗತಿ. ಕ್ಷಮೆ ಕೇಳಿ ಲೂಪ್ ತೆಗೆದಳು ಎಂದ ಮೇಲೆ ಅದಕ್ಕೆ ಯಾವ ಕಾರಣವೂ ಇರಲಿಲ್ಲವೆಂದೇ ಅವನು ತಿಳಿದು ಕೋಡಿಗೆ ಒಪ್ಪಿಗೆ ಕೊಡುತ್ತಾನೆ. ಟೆಸ್ಟ್ ಡೇಟಾ ಇದ್ದಿದ್ದರೆ ತಪ್ಪು ಬುಧವಾರವೇ ಹೊರಬೀಳುತ್ತಿತ್ತು. ಅದು ಬಂದದ್ದು ಶುಕ್ರವಾರ ಮಧ್ಯಾಹ್ನ. ಸಂಜೆ ಮೊದಲ ಸಲ ಓಡಿಸಿದಾಗ ಸಾವಿರಾರು ದಾಖಲೆಗಳ ಒಂದೇ ಕಂತನ್ನು ಹೊರಗಿನ ಸೇವೆ ಹಿಂದಕ್ಕೆ ತಳ್ಳುತ್ತದೆ. ವಿನಯದ ತಪ್ಪು ಓದು ಇಲ್ಲಿ ಮನಸ್ತಾಪದಲ್ಲಿ ನಿಲ್ಲದೆ ಪ್ರೋಗ್ರಾಂನ ದೋಷವಾಗಿ ಇಳಿದಿದೆ. ಆಮೇಲೆ ಕುಳಿತು ಕಾರಣ ಹುಡುಕುವ ಸಭೆಯಲ್ಲಿ ಇಂಥದ್ದು ಸಿಗುವುದೂ ಇಲ್ಲ, ಏಕೆಂದರೆ ದಾಖಲೆಯಲ್ಲಿ ಇರುವುದು ಒಂದು ಪ್ರಶ್ನೆ, ಒಂದು ಕ್ಷಮೆ ಮತ್ತು ಒಂದು ಒಪ್ಪಿಗೆ ಮಾತ್ರ.

ನಾವು ಮೆದು, ಅವರು ಒರಟು ಎಂದು ಇದರಿಂದ ತೀರ್ಮಾನಿಸುವವರು ತಮ್ಮದೇ ಸಂದೇಶಗಳನ್ನು ಇನ್ನೊಮ್ಮೆ ಓದಬೇಕು. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ತುದಿಯಲ್ಲೇ ಕುಳಿತಿರುತ್ತದೆ. ‘ಇವತ್ತ ಫೈಲ್ ಕಳಿಸ್ರಿ’ ಎಂಬುದು ವ್ಯಾಕರಣದ ದೃಷ್ಟಿಯಿಂದ ಆಜ್ಞೆಯಾದರೂ ಕೇಳಲು ಸೌಜನ್ಯವಾಗಿಯೇ ಇರುತ್ತದೆ. ಅದೇ ವಾಕ್ಯ ಇಂಗ್ಲಿಷಿಗೆ ಹೋದಾಗ ಆ ತುದಿಗೆ ಅಲ್ಲಿ ಜಾಗವಿಲ್ಲ, ಬರಿಯ ಆಜ್ಞೆ ಉಳಿಯುತ್ತದೆ, ಮುಂದೆ ‘ಪ್ಲೀಸ್’ ಸೇರಿಸಿದರೂ ಪೂರ್ತಿ ಮೆತ್ತಗಾಗುವುದಿಲ್ಲ. ಅಮೆರಿಕದ ಕಚೇರಿಗಳಲ್ಲಿ ಸಣ್ಣ ಕೋರಿಕೆಯೂ ಕಳುಹಿಸಲು ಸಾಧ್ಯವೇ ಎಂಬ ಪ್ರಶ್ನೆಯ ರೂಪದಲ್ಲಿ ಬರುವುದು ರೂಢಿಯಾದ್ದರಿಂದ, ಕಲಬುರಗಿಯಿಂದ ಹೋದ ಸೌಜನ್ಯದ ಸಾಲು ಸಿಯಾಟಲ್‌ನಲ್ಲಿ ಹುಕುಂ ಆಗಿ ಕೇಳಿಸಬಹುದು. ಅತ್ತ ಸಿಯಾಟಲ್‌ನವರು ಟೀಕೆ ಮಾಡುವಾಗ ನಮಗಿಂತ ಹೆಚ್ಚು ಸುತ್ತುತ್ತಾರೆ. ಇದನ್ನೊಮ್ಮೆ ಯೋಚಿಸಿ ನೋಡಬಹುದೇನೋ ಎಂದು ಮ್ಯಾನೇಜರ್ ಬರೆದರೆ, ಬದಲಿಸು ಎಂದೇ ಅರ್ಥವಾಗುವ ಸಂದರ್ಭಗಳು ಬಹಳ. ಅದನ್ನು ಐಚ್ಛಿಕ ಸಲಹೆಯೆಂದು ಓದಿ ಬಿಟ್ಟುಬಿಟ್ಟವರು ವರ್ಷದ ಮೌಲ್ಯಮಾಪನದಲ್ಲಿ ಅಚ್ಚರಿಪಡುತ್ತಾರೆ. ದೇಶಗಳನ್ನು ನೇರದಿಂದ ಸುತ್ತಿನವರೆಗೆ ಒಂದೇ ಗೆರೆಯ ಮೇಲೆ ಸಾಲಾಗಿ ನಿಲ್ಲಿಸುವ ತರಬೇತಿಯ ಚಿತ್ರಗಳು ಈ ಕಾರಣಕ್ಕೇ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಕೋರಿಕೆ, ಟೀಕೆ, ನಿರಾಕರಣೆ ಎಂಬ ಮೂರರಲ್ಲಿ ಯಾವುದನ್ನು ನೇರವಾಗಿ ಹೇಳಬೇಕು ಎಂಬುದು ಒಂದೇ ನಾಡಿನಲ್ಲೂ ಬೇರೆ ಬೇರೆಯಾಗಿರುತ್ತದೆ.

ಹಾಗಾದರೆ ಒರಟಾದ ಟಿಪ್ಪಣಿ ಕಂಡಾಗ ಅದು ರೂಢಿಯೋ ನಿಜವಾದ ಅಸಮಾಧಾನವೋ ಎಂದು ಹೇಗೆ ಗೊತ್ತುಮಾಡಿಕೊಳ್ಳುವುದು? ಟಿಪ್ಪಣಿಯನ್ನೇ ಮತ್ತೆ ಮತ್ತೆ ಓದುವುದರಿಂದ ಗೊತ್ತಾಗುವುದಿಲ್ಲ. ಅದೇ ಪರಿಶೀಲಕ ತನ್ನ ಊರಿನ ಸಹೋದ್ಯೋಗಿಗಳಿಗೆ, ತನಗಿಂತ ಹಿರಿಯರಿಗೆ ಬರೆದ ಹಳೆಯ ಟಿಪ್ಪಣಿಗಳನ್ನು ತೆರೆದು ನೋಡಬೇಕು. ತಂಡದ ಕೋಡ್ ಪರಿಶೀಲನೆಯ ದಾಖಲೆಗಳು ಸಾಮಾನ್ಯವಾಗಿ ಎಲ್ಲರಿಗೂ ಕಾಣುವಂತೆಯೇ ಇರುತ್ತವೆ. ಅಲ್ಲೂ ಅದೇ ಗಿಡ್ಡ ವಾಕ್ಯಗಳಿದ್ದರೆ ಅದು ಅವನ ಸಹಜ ಶೈಲಿ. ಅಲ್ಲಿ ಮೃದುವಾಗಿದ್ದು ನಿಮ್ಮ ಕೋಡಿಗೆ ಮಾತ್ರ ಗಿಡ್ಡವಾಗಿದ್ದರೆ ಅಥವಾ ಎಂದೂ ಎರಡು ಸಾಲು ಬರೆಯುವವನು ಈ ವಾರ ಒಂದೊಂದೇ ಪದ ಬರೆಯುತ್ತಿದ್ದರೆ, ನೇರವಾಗಿ ಮಾತನಾಡುವ ಸಮಯ ಬಂದಿದೆ ಎಂದು ತಿಳಿಯಬೇಕು. ಉಟ್ರೆಕ್ಟ್ ಜೊತೆಗಾದರೆ ಮಧ್ಯಾಹ್ನ ಒಂದೂವರೆಯ ನಂತರ ಐದು ನಿಮಿಷದ ಕರೆ ಸಾಕು.

ಸಿಯಾಟಲ್ ಜೊತೆ ಕರೆಗೆ ಸಮಯ ಕೂಡಿಬರುವುದಿಲ್ಲವಾದ್ದರಿಂದ ಎರಡನೆಯ ಪ್ರಶ್ನೆಯ ಉತ್ತರವನ್ನು ಮೊದಲ ಸಂದೇಶದಲ್ಲೇ ಸೇರಿಸಬೇಕಾಗುತ್ತದೆ. ಅದಕ್ಕೆ ಒರಟಾಗುವ ಅಗತ್ಯವಿಲ್ಲ. ಮೇಲಿನ ಉದಾಹರಣೆಯಲ್ಲಿ ಡೇಟಾ ಬಂದ ಮೇಲೆ ಮೂರು ಕೆಲಸದ ದಿನಗಳು ಬೇಕು ಎಂದಿಟ್ಟುಕೊಂಡರೆ, ಮಂಗಳವಾರ ಬೆಳಿಗ್ಗೆ ಅವಳು ಹೀಗೆ ಬರೆಯಬಹುದಿತ್ತು: “ಟೆಸ್ಟ್ ಡೇಟಾ ನಿಮ್ಮ ಮಂಗಳವಾರ ಸಂಜೆಯೊಳಗೆ ಬಂದರೆ ನನ್ನ ಶುಕ್ರವಾರ ಸಂಜೆಗೆ ಮುಗಿಸಿಕೊಡುತ್ತೇನೆ. ಬರದಿದ್ದರೆ, ಬಂದ ದಿನದಿಂದ ಮೂರು ಕೆಲಸದ ದಿನಗಳು ಬೇಕು. ಆ ತಂಡವನ್ನು ನೀವು ಕೇಳುತ್ತೀರಾ, ನಾನೇ ಕೇಳಲೇ? ನಿಮ್ಮಿಂದ ಉತ್ತರ ಬರುವವರೆಗೆ ಶುಕ್ರವಾರ ಖಚಿತವಲ್ಲ ಎಂದು ಟಿಕೆಟ್‌ನಲ್ಲಿ ಗುರುತಿಸಿರುತ್ತೇನೆ.” ಇದರಲ್ಲಿ ‘ಆಗುವುದಿಲ್ಲ’ ಎಂಬ ಮಾತು ಎಲ್ಲೂ ಇಲ್ಲ, ಮೇಲಿನವರ ಮರ್ಯಾದೆಗೂ ಕುಂದಿಲ್ಲ. ಹೆಚ್ಚಿನ ಕೆಲಸ ಮಾಡುವುದು ಕೊನೆಯ ವಾಕ್ಯ. ಮೌನಕ್ಕೆ ಏನರ್ಥ ಎಂದು ಅದು ಮೊದಲೇ ನಿಗದಿಪಡಿಸಿಬಿಡುವುದರಿಂದ, ಅವನು ಬರಿಯ ಹೆಬ್ಬೆರಳಿನ ಚಿಹ್ನೆ ಒತ್ತಿದರೂ ಶುಕ್ರವಾರ ಖಚಿತವಲ್ಲ ಎಂಬುದು ಟಿಕೆಟ್‌ನಲ್ಲಿ, ಅಂದರೆ ಆ ಕೆಲಸದ ಸ್ಥಿತಿಗತಿಯನ್ನು ಬರೆದಿಡುವ ದಾಖಲೆಯಲ್ಲಿ ಉಳಿಯುತ್ತದೆ.

ಕೇಳುವವರ ಕಡೆಯ ಬದಲಾವಣೆ ಇನ್ನೂ ಸುಲಭ, ಆದರೂ ಅಪರೂಪ. ಶುಕ್ರವಾರ ಆಗುತ್ತದೆಯೇ ಎಂದು ಕೇಳಿದರೆ ವಿನಯವಂತರಿಗೆ ಒಂದೇ ಉತ್ತರ ತೆರೆದಿರುತ್ತದೆ. ಶುಕ್ರವಾರ ತಪ್ಪುವಂತಿದ್ದರೆ ಯಾವ ಕಾರಣಕ್ಕೆ ತಪ್ಪಬಹುದು ಎಂದು ಕೇಳಿದರೆ, ಅಡ್ಡಿಯನ್ನು ಹೇಳುವುದೇ ಪ್ರಶ್ನೆಗೆ ಉತ್ತರ ಕೊಡುವುದಾಗುತ್ತದೆ, ವಿರೋಧವಾಗುವುದಿಲ್ಲ. ಪರಿಶೀಲಕರಿಗೆ ಹಲವು ತಂಡಗಳಲ್ಲಿ ಈಗಾಗಲೇ ಇರುವ ರೂಢಿಯೊಂದು ಒದಗುತ್ತದೆ: ಪ್ರತಿ ಟಿಪ್ಪಣಿಯ ಮುಂದೆ ಇದು ಪ್ರಶ್ನೆ, ಇದು ಸಣ್ಣ ವಿಷಯ, ಇದನ್ನು ಬದಲಿಸದೆ ಒಪ್ಪಲಾಗದು ಎಂಬ ಗುರುತು ಹಾಕುವುದು. ಲೂಪಿನ ಟಿಪ್ಪಣಿಯ ಮುಂದೆ ‘ಪ್ರಶ್ನೆ: ಕಾರಣ ತಿಳಿಯಬೇಕು’ ಎಂದಿದ್ದರೆ ಅವಳು ಬಹುಶಃ ಐನೂರರ ಮಿತಿಯನ್ನು ಬರೆಯುತ್ತಿದ್ದಳು. ಬಹುಶಃ ಎಂದೆ, ಏಕೆಂದರೆ ಗುರುತುಗಳು ಬಂದ ಕೆಲವೇ ತಿಂಗಳಲ್ಲಿ ಎಲ್ಲ ಟಿಪ್ಪಣಿಗೂ ಯಾಂತ್ರಿಕವಾಗಿ ‘ಸಣ್ಣ ವಿಷಯ’ ಎಂದು ಹಾಕಿ, ಅದನ್ನು ಬದಲಿಸದಿದ್ದರೆ ಬೇಸರಪಡುವ ಪರಿಶೀಲಕರೂ ಇದ್ದಾರೆ.

ಈ ಉಪಾಯಗಳು ತಲುಪದ ಒಂದು ಜಾಗವಿದೆ. ಕಲಬುರಗಿಯಲ್ಲಿ ಕುಳಿತವಳು ನೇರ ಉದ್ಯೋಗಿಯಾಗಿರದೆ, ಗುತ್ತಿಗೆ ಕಂಪನಿಯೊಂದರ ಮೂಲಕ ಬಂದವಳಾಗಿದ್ದರೆ, ಸಿಯಾಟಲ್‌ನವನು ಅವಳಿಗೆ ಮ್ಯಾನೇಜರ್ ಮಾತ್ರವಲ್ಲ, ಗ್ರಾಹಕನೂ ಆಗಿರುತ್ತಾನೆ. ನಡುವಿನ ಕಂಪನಿಯ ಮೇಲಧಿಕಾರಿಗೆ ದಿನಾಂಕ ಮುಂದೆ ಹಾಕುವ ಅಧಿಕಾರ ಇರುವುದಿಲ್ಲ, ದಿನಾಂಕ ತಪ್ಪಿದ್ದಕ್ಕೆ ವಿವರಣೆ ಕೇಳುವ ಅಧಿಕಾರ ಮಾತ್ರ ಇರುತ್ತದೆ. ಅಲ್ಲಿ ‘ಪ್ರಯತ್ನಿಸುತ್ತೇನೆ’ ಎಂಬುದು ಸಂಸ್ಕಾರದಿಂದ ಬಂದ ಮೆದುಮಾತಲ್ಲ, ಲೆಕ್ಕ ಹಾಕಿ ಆರಿಸಿಕೊಂಡ ಉತ್ತರ. ಸಂದೇಶ ಬರೆಯುವ ತರಬೇತಿಯನ್ನು ಎಷ್ಟು ಸಲ ಕೊಟ್ಟರೂ ಅದು ಬದಲಾಗುವುದಿಲ್ಲ. ತನ್ನ ತಂಡ ಇಂಥದ್ದೋ ಅಲ್ಲವೋ ಎಂದು ತಿಳಿಯಬಯಸುವ ಮ್ಯಾನೇಜರ್, ಹಿಂದಿನ ಆರು ತಿಂಗಳ ಟಿಕೆಟ್‌ಗಳಲ್ಲಿ ಕಲಬುರಗಿಯ ಕಡೆಯಿಂದ ಕೆಲಸ ಆರಂಭವಾಗುವ ಮೊದಲೇ ಮುಂದೆ ಹೋದ ದಿನಾಂಕಗಳು ಎಷ್ಟು, ಕೊನೆಯ ದಿನ ತಪ್ಪಿದ ದಿನಾಂಕಗಳು ಎಷ್ಟು ಎಂದು ಎಣಿಸಿ, ಮೊದಲೇ ಮುಂದೆ ಹಾಕಿದವರು ಈಗಲೂ ಅದೇ ತಂಡದಲ್ಲಿ ಇದ್ದಾರೆಯೇ ಎಂದು ನೋಡಬೇಕು.